ಬಿಳಿ ಹೂವಿನ ಕಾಫಿ ಫೋಟೋ: ಎಲ್ಲಿಯದು, ಯಾವ ತಿಂಗಳದು?

ಕಾಫಿ ಹೂ ಬಿಟ್ಟಿರುವ ಫೋಟೋ ಕಳಿಸಿ, "ಸಾರ್, ಇದು ಯಾವ ಕಡೆ ತೋಟ?" ಅಂತ ಕೇಳುವವರು ಜಾಸ್ತಿ. ಎಲ್ಲರೂ ಮೊದಲು ಹೂ ನೋಡುತ್ತಾರೆ. ನಾನು ಎಲೆ ನೋಡುತ್ತೇನೆ.

ಈಚೆಗೆ ಬಂದ ಒಂದು ಫೋಟೋದಲ್ಲಿ ಎಲೆ ಅಂಗೈಗಿಂತ ದೊಡ್ಡದು, ಅಂಚು ಅಲೆಅಲೆ, ನರಗಳ ನಡುವೆ ಉಬ್ಬಿಕೊಂಡಿತ್ತು. ಅಂದರೆ ರೋಬಸ್ಟಾ. ಅರೇಬಿಕಾ ಎಲೆ ಚಿಕ್ಕದು, ನುಣುಪು, ಬಣ್ಣವೂ ಕಡು ಹಸಿರು. ಗಿಣ್ಣು ನೋಡಿದರೂ ಗೊತ್ತಾಗುತ್ತದೆ, ರೋಬಸ್ಟಾದಲ್ಲಿ ಹೂ ರೆಂಬೆಯೇ ಕಾಣದಷ್ಟು ದಟ್ಟವಾಗಿ ಮುತ್ತಿಕೊಂಡಿರುತ್ತದೆ. ಇಷ್ಟಾದ ಮೇಲೆ ಊರಿನ ವಿಚಾರ ಸ್ವಲ್ಪ ಸುಲಭ. ರೋಬಸ್ಟಾ ಸಾಮಾನ್ಯವಾಗಿ ಸಾವಿರ ಮೀಟರಿಗಿಂತ ಕೆಳಗಿನ ಬೆಳೆ, ಹಾಗಾಗಿ ಕೊಡಗಿನದೇ ಆದರೆ ವಿರಾಜಪೇಟೆ, ಪೊನ್ನಂಪೇಟೆ, ಸಿದ್ದಾಪುರ ಕಡೆಯನ್ನು ಮೊದಲು ಯೋಚಿಸುತ್ತೇನೆ, ಸೋಮವಾರಪೇಟೆಯ ಎತ್ತರದ ಅರೇಬಿಕಾ ತೋಟಗಳನ್ನಲ್ಲ.

ತಿಂಗಳು ಹೇಳುವುದೇ ಕಷ್ಟದ ಕೆಲಸ. ಕಾಫಿ ಮೊಗ್ಗು ನೀರು ಬಿದ್ದ ಎಂಟ್ಹತ್ತು ದಿನಕ್ಕೆ ಅರಳುತ್ತದೆ, ಎರಡು ಮೂರು ದಿನದಲ್ಲೇ ಕಂದು ತಿರುಗುತ್ತದೆ. ಅಪ್ಪಟ ಬಿಳಿ ಇದ್ದರೆ, ಫೋಟೋ ತೆಗೆಯುವುದಕ್ಕೆ ಸುಮಾರು ಹತ್ತು ದಿನ ಮೊದಲು ನೀರು ಸಿಕ್ಕಿದೆ ಎಂದರ್ಥ. ಆದರೆ ಯಾವ ನೀರು? ಮೊಗ್ಗು ಅರಳಿಸುವ ಬೇಸಿಗೆ ಮಳೆ, ಅಂದರೆ ಹೂಮಳೆ, ಬಂದರೆ ಸುತ್ತಲಿನ ತೋಟವೆಲ್ಲ ಒಟ್ಟಿಗೆ ಬೆಳ್ಳಗಾಗುತ್ತದೆ. ಈ ಫೋಟೋದಲ್ಲಿ ಹಾಗಿರಲಿಲ್ಲ. ಎಡಗಡೆ ಗಿಡಗಳು ಪೂರ್ತಿ ಬಿಳಿ, ಬಲಗಡೆ ನಾಲ್ಕೈದು ಸಾಲು ಇನ್ನೂ ಗಟ್ಟಿ ಮೊಗ್ಗು, ನಡುವೆ ಗೆರೆ ಎಳೆದ ಹಾಗೆ. ಅದು ಸ್ಪ್ರಿಂಕ್ಲರ್ ಹೂ! ಮಳೆಗೆ ಕಾಯದೆ ಫೆಬ್ರವರಿಯಲ್ಲೇ ನೀರು ಹಾಯಿಸುವವರು ತುಂಬಾ ಜನ ಇದ್ದಾರೆ, ಹಾಗಾಗಿ ಹೂ ಕಂಡ ಕೂಡಲೇ "ಮಾರ್ಚ್, ಮಳೆ ಬಂದಿದೆ" ಅಂದರೆ ತಪ್ಪಾಗುತ್ತದೆ.

ಹಿಂದಿನ ಸಿಲ್ವರ್ ಮರದಲ್ಲಿ ಹಬ್ಬಿದ್ದ ಕರಿಮೆಣಸು ಇನ್ನೊಂದು ಸಾಕ್ಷಿ ಕೊಟ್ಟಿತು. ಗೊಂಚಲಲ್ಲಿ ಕಾಳು ತುಂಬಿತ್ತು, ಒಂದೆರಡು ಕೆಂಪಾಗಿತ್ತು, ಕೊಯ್ಲು ಆಗಿರಲಿಲ್ಲ. ಏಪ್ರಿಲ್ ಹೊತ್ತಿಗೆ ಬಳ್ಳಿ ಸಾಮಾನ್ಯವಾಗಿ ಖಾಲಿ. ಎರಡನ್ನೂ ಸೇರಿಸಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ ಅಂತ ಹೇಳಿದೆ.

ಊರಿನ ಬಗ್ಗೆ ಮಾತ್ರ ಪಟ್ಟು ಹಿಡಿಯಲಿಲ್ಲ. ನೆರಳು ಮರ, ಅದಕ್ಕೆ ಮೆಣಸು, ಕೆಳಗೆ ರೋಬಸ್ಟಾ, ಇದೆಲ್ಲ ವಯನಾಡಿನಲ್ಲೂ ಹೀಗೇ ಇರುತ್ತದೆ. ಕೊಡಗಿನ ಗಡಿಯ ಕುಟ್ಟ ದಾಟಿದರೆ ಅದೇ ತೋಟ ಮುಂದುವರಿದ ಹಾಗೆ ಕಾಣುತ್ತದೆ, ಅಲ್ವಾ? ಗಿಡ ನೋಡಿ ಗಡಿ ಹೇಳಲು ಆಗುವುದಿಲ್ಲ. ಬೋರ್ಡೋ, ಜೀಪಿನ ನಂಬರೋ ಕಂಡರೆ ಸರಿ. ಇಲ್ಲದಿದ್ದರೆ ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳುತ್ತೇನೆ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದರೊಳಗಿನ ತಾರೀಕು, ಜಾಗದ ವಿವರ ಎರಡೂ ಅಳಿಸಿಹೋಗುತ್ತವೆ.