ಸ್ವಾಮಿ ಗಂಡನಾದ ಬಗೆ

ಇಂಡೊನೇಷ್ಯಾದ 1974ರ ವಿವಾಹ ಕಾನೂನಿನ 31ನೇ ಕಲಮಿನಲ್ಲಿ ಹೀಗೊಂದು ವಾಕ್ಯವಿದೆ: ‘ಸುಆಮಿ ಅದಾಲಾಹ್ ಕೆಪಾಲ ಕೆಲುಆರ್ಗ ದಾನ್ ಇಸ್ತ್ರಿ ಇಬು ರುಮಾಹ್ ತಂಗ್ಗ.’ ಇಂಡೊನೇಷ್ಯನ್ ಅನುವಾದ ಕಲಿಯಲು ಬರುವ ಕನ್ನಡಿಗರಿಗೆ ಮೊದಲ ವಾರದಲ್ಲೇ ಇದನ್ನು ಕೊಡುತ್ತೇನೆ. ಹೋದ ಬಾರಿ ಒಬ್ಬ ಹುಡುಗ ಹಾಳೆ ಹಿಡಿದುಕೊಂಡು ಬಂದು, “ಸರ್, ಸ್ವಾಮಿ ಸಿಕ್ಕಿದ್ರು, ಕಪಾಲ, ಕುಲವರ್ಗ, ಸ್ತ್ರೀ ಎಲ್ಲಾ ಸಿಕ್ತು. ಅರ್ಥ ಮಾತ್ರ ಕೂಡಿ ಬರ್ತಿಲ್ಲ” ಎಂದ. ಅವನು ಪತ್ತೆ ಹಚ್ಚಿದ ನಾಲ್ಕು ಮೂಲಗಳೂ ಸರಿಯಾಗಿಯೇ ಇದ್ದವು. ವಾಕ್ಯದ ಅರ್ಥ ಇಷ್ಟೇ: ಗಂಡ ಕುಟುಂಬದ ಯಜಮಾನ, ಹೆಂಡತಿ ಗೃಹಿಣಿ.

‘ಸುಆಮಿ’ ಎಂದರೆ ಗಂಡ. ‘ಇಸ್ತ್ರಿ’ ಎಂದರೆ ಹೆಂಡತಿ. ಬರೀ ಹೆಂಗಸು ಎನ್ನಬೇಕಾದಾಗ ‘ಇಸ್ತ್ರಿ’ ಬಳಸುವಂತಿಲ್ಲ, ಅದಕ್ಕೆ ‘ಪೆರೆಂಪುಆನ್’ ಅಥವಾ ‘ವನಿತ’ ಎಂಬ ಬೇರೆ ಪದಗಳಿವೆ. ಒಡೆಯ ಎಂಬ ಅರ್ಥದ ಸ್ವಾಮಿ ಗಂಡನಾದದ್ದು ಹೇಗೆ? ಇಂಡೊನೇಷ್ಯನ್‌ಗೆ ಬುನಾದಿಯಾದ ಮಲಯ ಭಾಷೆಯಲ್ಲಿ ಗಂಡನಿಗೆ ‘ಲಾಕಿ’, ಹೆಂಡತಿಗೆ ‘ಬಿನಿ’ ಎಂಬ ಸ್ವಂತ ಪದಗಳು ಇದ್ದವು, ಈಗಲೂ ಇವೆ. ಆದರೆ ಇಂದು ಅವು ಒರಟು ಮಾತು; ಕಾಗದಪತ್ರದಲ್ಲಿ ಬರೆಯುವಂತಿಲ್ಲ, ಹಿರಿಯರ ಮುಂದೆ ಆಡುವಂತಿಲ್ಲ. ಅರಮನೆ ಮತ್ತು ಧರ್ಮದ ಮೂಲಕ ಬಂದ ಸಂಸ್ಕೃತ ಪದಗಳು ಮರ್ಯಾದೆಯ ಜಾಗ ಹಿಡಿದುಕೊಂಡವು, ದೇಸಿ ಪದಗಳು ಕೆಳಗಿಳಿದವು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಯಜ್ಞ ಮಾಡಿಸುವವನು ಎಂಬ ಅರ್ಥದ ಯಜಮಾನ ನಮ್ಮಲ್ಲಿ “ನಮ್ಮ ಯಜಮಾನ್ರು ಊರಲ್ಲಿಲ್ಲ” ಎನ್ನುವಾಗ ಗಂಡನೇ ತಾನೆ?

ಇನ್ನು ‘ಕೆಪಾಲ’. ಸಂಸ್ಕೃತದಲ್ಲಿ ಕಪಾಲ ಎಂದರೆ ತಲೆಬುರುಡೆ. ಕನ್ನಡದಲ್ಲಿ ಅದು ಕೆನ್ನೆಗೆ ಇಳಿದು ಕಪಾಳವಾಯಿತು. ಇಂಡೊನೇಷ್ಯನ್‌ನಲ್ಲಿ ಇಡೀ ತಲೆಯಾಗಿ, ಅಲ್ಲಿಂದ ಮುಖ್ಯಸ್ಥನೂ ಆಯಿತು. ಶಾಲೆಯ ಹೆಡ್‌ಮಾಸ್ತರರು ಅಲ್ಲಿ ‘ಕೆಪಾಲ ಸೆಕೊಲಾಹ್’.

ನನಗೆ ಈ ವಾಕ್ಯದಲ್ಲಿ ಬಲು ಇಷ್ಟವಾದದ್ದು ಕೊನೆಯ ಎರಡು ಪದ, ಅವು ಸಂಸ್ಕೃತವೇ ಅಲ್ಲದಿದ್ದರೂ. ‘ರುಮಾಹ್’ ಎಂದರೆ ಮನೆ, ‘ತಂಗ್ಗ’ ಎಂದರೆ ಏಣಿ. ಎರಡೂ ಸೇರಿದರೆ ನಾವು ಸಂಸಾರ ಎನ್ನುತ್ತೇವಲ್ಲ, ಅದು. ಹಾಗಾದರೆ ಸಂಸಾರ ಎಂಬ ಪದವೇ ಅಲ್ಲಿಗೆ ಹೋಗಲಿಲ್ಲವೇ? ಹೋಯಿತು, ‘ಸೆಂಗ್ಸಾರ’ ಆಯಿತು. ಅರ್ಥ ಮಾತ್ರ ಕಷ್ಟ, ಯಾತನೆ. ಹುಟ್ಟು-ಸಾವಿನ ಸುತ್ತಾಟ ಎಂಬ ಮೂಲಾರ್ಥದಲ್ಲಿ ನಾವು ಮನೆ-ಮಕ್ಕಳನ್ನು ಹಿಡಿದುಕೊಂಡೆವು. ಅವರು ಆ ಸುತ್ತಾಟದ ದುಃಖವನ್ನು ಹಿಡಿದುಕೊಂಡರು. ‘ಹಿದುಪ್ ಸೆಂಗ್ಸಾರ’ ಎಂದು ಓದಿದ ಕನ್ನಡಿಗ ‘ಸಂಸಾರ ಜೀವನ’ ಎಂದು ಬರೆದುಬಿಟ್ಟರೆ, ನರಳಿ ಬದುಕಿದವರನ್ನು ನೆಮ್ಮದಿಯ ಗೃಹಸ್ಥರನ್ನಾಗಿ ಮಾಡಿದಂತಾಗುತ್ತದೆ. ಚಿಂತೆಯದೂ ಇದೇ ಕಥೆ: ಅಲ್ಲಿ ‘ಚಿಂತ’ ಎಂದರೆ ಪ್ರೀತಿ.

ರೂಪ ಸವೆದಿದ್ದರೆ ಅರ್ಥವೂ ಸವೆದಿರಬೇಕು ಎಂದು ಊಹಿಸುವುದು ಸುಲಭ. ಆದರೆ ಅದು ನಂಬುವಂಥ ಅಳತೆಗೋಲಲ್ಲ. ‘ಚಿಂತ’ದ ರೂಪ ಸವೆದೇ ಇಲ್ಲ, ಅರ್ಥ ಎತ್ತಲೋ ಹೋಗಿದೆ. ‘ದೆಂದ’ ಎಂದು ಉಚ್ಚಾರ ಬದಲಾದ ದಂಡವಾದರೋ, ನಮ್ಮ ಟ್ರಾಫಿಕ್ ಪೊಲೀಸರು ಹಾಕುವ ದಂಡವೇ. ಹಾಗಾಗಿ ನಾನು ಪದವನ್ನು ಬಿಟ್ಟು ಅದರ ಅಕ್ಕಪಕ್ಕ ನೋಡಿ ಎನ್ನುತ್ತೇನೆ: ಯಾವ ಕ್ರಿಯಾಪದದ ಜತೆ ಬಂದಿದೆ, ಯಾವುದರ ಜೋಡಿಯಾಗಿ ಬಂದಿದೆ? ‘ಸುಆಮಿ’ಯ ಪಕ್ಕ ‘ಇಸ್ತ್ರಿ’ ಕಂಡರೆ ಮಠದ ಕಡೆ ಹೋಗುವ ಅಗತ್ಯವಿಲ್ಲ.

‘ಬಹಾಸ’ದಲ್ಲಿ ನಾನೂ ಎಡವಿದ್ದೇನೆ. ಮಲಯ ನಾಲಿಗೆಗೆ ಮಹಾಪ್ರಾಣ ಒಗ್ಗುವುದಿಲ್ಲ. ಭಕಾರವನ್ನು ಒಡೆದು ನಡುವೆ ಸ್ವರ ತುಂಬಿದರೆ ಭಾಷಾ ‘ಬಹಾಸ’ವಾಗುತ್ತದೆ. ಫಲ ‘ಪಹಾಲ’ವಾದದ್ದೂ ಹೀಗೆಯೇ, ಈಗ ಅದರ ಅರ್ಥ ಪುಣ್ಯ. 1928ರ ಅಕ್ಟೋಬರ್ 28ರಂದು ಯುವಕರು ಕೈಗೊಂಡ ಪ್ರತಿಜ್ಞೆ ‘ಬಹಾಸ ಇಂಡೊನೇಸಿಯ’ವನ್ನು ಒಗ್ಗಟ್ಟಿನ ಭಾಷೆಯೆಂದು ಸಾರಿತು. ಆ ಭಾಷೆಯನ್ನು ಬರೀ ‘ಬಹಾಸ’ ಎಂದು ಕರೆಯುವುದು ಕನ್ನಡವನ್ನು ಬರೀ ‘ಭಾಷೆ’ ಎಂದ ಹಾಗೆ. ಆದರೆ ನಾನು ಎಡವಿದ್ದು ಅಲ್ಲಲ್ಲ. ಒಂದು ಕಥೆಯಲ್ಲಿ ಅಜ್ಜಿ ಮೊಮ್ಮಗನ ಬಗ್ಗೆ ‘ತಿದಾಕ್ ತಾಹು ಬಹಾಸ’ ಎನ್ನುತ್ತಾಳೆ. ‘ಅವನಿಗೆ ಭಾಷೆ ಬರುವುದಿಲ್ಲ’ ಎಂದು ಅನುವಾದಿಸಿದೆ. ಮುಂದಿನ ಪುಟದಲ್ಲಿ ಹುಡುಗ ಅರಳು ಹುರಿದಂತೆ ಮಾತಾಡತೊಡಗಿದಾಗ ತಪ್ಪು ಗೊತ್ತಾಯಿತು. ಕೊಟ್ಟ ಮಾತಿಗೂ ನಾವು ಭಾಷೆ ಎನ್ನುವಂತೆ, ಅವರು ವಿನಯಕ್ಕೂ ‘ಬಹಾಸ’ ಎನ್ನುತ್ತಾರೆ. ಅಜ್ಜಿ ಹೇಳಿದ್ದು, ಹುಡುಗನಿಗೆ ದೊಡ್ಡವರು ಚಿಕ್ಕವರು ಅನ್ನೋದು ಗೊತ್ತಿಲ್ಲ ಎಂದು.