ಸಿನರ್ಜಿ ಅಂದ್ರೆ ‘ಎರಡೂ ಸೇರಿ ಕೆಲಸ ಮಾಡ್ತು’ ಅಂತಲ್ಲ

ಮೊನ್ನೆ ಒಂದು ಪೋಸ್ಟರ್‌ನಲ್ಲಿ ಮತ್ತೆ ನೋಡ್ದೆ, ‘ಎಫ್‌ಐಸಿ ಇಂಡೆಕ್ಸ್ 0.75 ಬಂದಿದೆ, ಆದ್ದರಿಂದ ಸಿನರ್ಜಿ’ ಅಂತ. ಎರಡು ಔಷಧಿ ಸೇರಿದಾಗ ಒಂದೊಂದೂ ಎಷ್ಟು ಕಮ್ಮಿ ಸಾಕಾಗತ್ತೆ ಅಂತ ಅಳೆಯೋ ಸಂಖ್ಯೆ ಈ ಇಂಡೆಕ್ಸ್. ಪಕ್ಕದ್ದರಲ್ಲಿ ಇನ್ನೊಬ್ರು ಇಂಡೆಕ್ಸೂ ಹಾಕದೆ, ಎರಡು ಆಂಟಿಬಯೋಟಿಕ್ ಸೇರಿಸಿದಾಗ ಬ್ಯಾಕ್ಟೀರಿಯಾ ಬೆಳೀಲಿಲ್ಲ ಅನ್ನೋದನ್ನೇ ಸಿನರ್ಜಿ ಅಂದಿದ್ರು. ಇಷ್ಟು ದಿನ ಸುಮ್ನಿದ್ದೆ, ಇವತ್ತು ಬರೆದೇ ಬಿಡ್ತೀನಿ.

ತಪ್ಪು ಅರ್ಧ ಪದದ್ದೇ ಅನ್ಸತ್ತೆ. ಗ್ರೀಕ್‌ನಲ್ಲಿ ಸಿನ್ ಅಂದ್ರೆ ಜೊತೆ, ಎರ್ಗೋನ್ ಅಂದ್ರೆ ಕೆಲಸ, ಎನರ್ಜಿಯಲ್ಲಿರೋದೂ ಅದೇ ಎರ್ಗೋನ್. ಅಂದ್ರೆ ವ್ಯುತ್ಪತ್ತಿ ನೋಡಿದ್ರೆ ‘ಜೊತೆಗೂಡಿ ಕೆಲಸ’ ಅಷ್ಟೇ, ನಮ್ಮ ‘ಸಹಕ್ರಿಯೆ’ ಕೂಡ ಅದನ್ನೇ ಹೇಳತ್ತೆ. ಆದ್ರೆ ಲ್ಯಾಬಿನಲ್ಲಿ ಜೊತೆಗೂಡಿ ಕೆಲಸ ಮಾಡೋದು ಸಾಲಲ್ಲ, ಕೂಡಿಸಿದ್ರೆ ಎಷ್ಟಾಗಬೇಕಿತ್ತೋ ಅದಕ್ಕಿಂತ ಎದ್ದು ಕಾಣೋ ಹಾಗೆ ಜಾಸ್ತಿ ಆಗಬೇಕು. ‘ಎಷ್ಟಾಗಬೇಕಿತ್ತು’ ಅನ್ನೋದನ್ನ ಎಲ್ರೂ ಮರೀತಾರೆ.

ಅದಕ್ಕೊಂದು ಚಂದದ ಲೆಕ್ಕ ಇದೆ. ಒಂದೇ ಔಷಧಿನ ಎರಡು ಬಾಟಲಿಗೆ ಹಾಕಿ, ಬೇರೆ ಬೇರೆ ಲೇಬಲ್ ಅಂಟಿಸಿ ಅಂದ್ಕೊಳ್ಳಿ. ಬ್ಯಾಕ್ಟೀರಿಯಾ ತಡೆಯೋಕೆ ಅದು 8 ಬೇಕು ಅಂದ್ರೆ, ಈ ಬಾಟಲಿಯಿಂದ 4, ಆ ಬಾಟಲಿಯಿಂದ 4 ಹಾಕಿದ್ರೂ ತಡೆಯತ್ತೆ. ಎರಡೂ ‘ಔಷಧಿ’ ಅರ್ಧರ್ಧಕ್ಕೆ ಇಳಿದ್ವು, ಸಿನರ್ಜಿ ಏನಾದ್ರೂ ಇದ್ಯಾ? ತನ್ನ ಜೊತೆ ತಾನೇ ಸೇರಿದ್ದಕ್ಕೆ ಇಂಡೆಕ್ಸ್ 0.5 + 0.5 = 1. ಅಳತೆ ಶುರುವಾಗೋದೇ ಈ 1ರಿಂದ. ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯೋಕೆ ಬೇಕಾದ ಅತಿ ಕಮ್ಮಿ ಪ್ರಮಾಣಕ್ಕೆ ಎಂಐಸಿ ಅಂತಾರೆ, ಇಂಡೆಕ್ಸಿನ ಸೂತ್ರ ಹೀಗೆ:

```
FICI = (B ಜೊತೆಯಲ್ಲಿ A ಯ MIC / A ಒಂಟಿ MIC) + (A ಜೊತೆಯಲ್ಲಿ B ಯ MIC / B ಒಂಟಿ MIC)
```

ಈ ಎಂಐಸಿಗಳು ಸಿಗೋದು ಚೆಕರ್‌ಬೋರ್ಡ್ ಪರೀಕ್ಷೆಯಿಂದ. ಚೆಕರ್‌ಬೋರ್ಡ್ ಅಂದ್ರೆ 96 ಗುಳಿಯ ಪ್ಲೇಟ್, ಒಂದು ಔಷಧಿ ಎಡದಿಂದ ಬಲಕ್ಕೆ ಅರ್ಧರ್ಧ ಆಗ್ತಾ ಹೋಗತ್ತೆ, ಇನ್ನೊಂದು ಮೇಲಿಂದ ಕೆಳಕ್ಕೆ, ಚದುರಂಗದ ಮಣೆ ಥರ ಕಪ್ಪು ಬಿಳುಪು ಮನೆ ಏನೂ ಇರಲ್ಲ. ಒಂದು ಸಾಲು, ಒಂದು ಕಾಲಂ ಒಂಟಿ ಔಷಧಿಗೆ ಮೀಸಲು. ಒಂಟಿ ಎಂಐಸಿಯನ್ನ ಅಲ್ಲಿಂದಲೇ ಓದಬೇಕು, ಹೋದ ವಾರದ ರಿಪೋರ್ಟಿನಿಂದ ತಂದು ಹಾಕಬಾರದು.

ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಮೆರೊಪೆನೆಮ್, ಕೊಲಿಸ್ಟಿನ್ ಅಂತ ಎರಡು ಆಂಟಿಬಯೋಟಿಕ್, ಒಂದು ಬ್ಯಾಕ್ಟೀರಿಯಾಗೆ ಮೆರೊಪೆನೆಮ್ ಒಂಟಿ ಎಂಐಸಿ 16, ಕೊಲಿಸ್ಟಿನ್ ಒಂಟಿ 4 (ಎರಡೂ ಮಿಲಿಗೆ ಮೈಕ್ರೋಗ್ರಾಂ ಲೆಕ್ಕ). ಮಾರನೇ ದಿನ ನೋಡಿದ್ರೆ ಮೆರೊಪೆನೆಮ್ 4, ಕೊಲಿಸ್ಟಿನ್ 1 ಇರೋ ಗುಳಿ ತಿಳಿಯಾಗಿದೆ, ಅಂದ್ರೆ ಏನೂ ಬೆಳೆದಿಲ್ಲ, ಅದಕ್ಕಿಂತ ಕಮ್ಮಿ ಇರೋ ಪಕ್ಕದ ಗುಳಿಗಳು ಮಬ್ಬಾಗಿವೆ. 4/16 ಅಂದ್ರೆ 0.25, 1/4 ಅಂದ್ರೆ 0.25, ಒಟ್ಟು 0.5, ಸಿನರ್ಜಿ. ಈಗ ಆ ಗುಳಿಲೇ ಸ್ವಲ್ಪ ಮಬ್ಬು ಇತ್ತು ಅನ್ನಿ, ಪಕ್ಕದ ಗುಳಿಗೆ ಅಂದ್ರೆ ಮೆರೊಪೆನೆಮ್ 8, ಕೊಲಿಸ್ಟಿನ್ 1ಕ್ಕೆ ಹೋಗಬೇಕು, ಆಗ 0.5 + 0.25 = 0.75, ಸಿನರ್ಜಿ ಅಲ್ಲ. ಒಂದೇ ಒಂದು ಗುಳಿ!

ಎಂಐಸಿ ಓದೋದ್ರಲ್ಲಿ ಒಂದು ಮೆಟ್ಟಿಲು, ಅಂದ್ರೆ ಎರಡು ಪಟ್ಟು ಇಲ್ಲಾ ಅರ್ಧ, ಆ ಕಡೆ ಈ ಕಡೆ ಆಗೋದು ಮಾಮೂಲಿ, ಯಾರು ಮಾಡಿದ್ರೂ ಆಗತ್ತೆ. ಎರಡೂ ಔಷಧಿ ಒಂದೊಂದೇ ಮೆಟ್ಟಿಲು ಇಳಿದ್ರೆ 1, ಅದು ನಮ್ಮ ಎರಡು ಬಾಟಲಿ ಕಥೆ. ಎರಡೆರಡು ಮೆಟ್ಟಿಲು, ಅಂದ್ರೆ ಎರಡೂ ನಾಲ್ಕನೇ ಒಂದು ಭಾಗಕ್ಕೆ ಇಳಿದ್ರೆ 0.5. ಅದಕ್ಕೇ ಸಿನರ್ಜಿಯ ಗೆರೆ 0.5ರಲ್ಲಿ ಇದೆ. 2003ರಲ್ಲಿ ಸಂಶೋಧಕ ಫ್ರಾಂಕ್ ಆಡ್ಸ್ ಇದನ್ನೇ ನೇರವಾಗಿ ಹೇಳಿದ್ರು: 0.5 ಅಥವಾ ಕಮ್ಮಿ ಇದ್ರೆ ಸಿನರ್ಜಿ, 4ಕ್ಕಿಂತ ಜಾಸ್ತಿ ಇದ್ರೆ ಆಂಟಾಗನಿಸಂ ಅಂದ್ರೆ ಒಂದಕ್ಕೊಂದು ಅಡ್ಡಿ, ನಡುವಿನದ್ದೆಲ್ಲ ‘ಇಂಟರಾಕ್ಷನ್ ಇಲ್ಲ’. ‘ಪಾರ್ಶಿಯಲ್ ಸಿನರ್ಜಿ’ ಅಂತ 0.75ಕ್ಕೆ ಹೆಸರಿಡೋದು ನಂಗಂತೂ ಫೇಲಾದ ಹುಡುಗನಿಗೆ ‘ಅರ್ಧ ಪಾಸ್’ ಅಂದ ಹಾಗೆ ಕೇಳ್ಸತ್ತೆ.

ಇನ್ನೊಂದು ಕಿರಿಕಿರಿ ಇದೆ. ಒಂಟಿ ಔಷಧಿ ಪ್ಲೇಟಿನ ಅತಿ ಹೆಚ್ಚಿನ 64ರಲ್ಲೂ ತಡೀಲಿಲ್ಲ ಅಂದ್ರೆ ಎಂಐಸಿ 64ಕ್ಕಿಂತ ಜಾಸ್ತಿ ಅಷ್ಟೇ, ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿ 128 ಅಂತ ಹಾಕಿ ಭಾಗಿಸೋ ಪದ್ಧತಿ ಇದೆ, ಹಾಕ್ಲಿ, ಆದ್ರೆ ಹಾಕಿದ್ದೀವಿ ಅಂತ ಬರೀಬೇಕಲ್ವಾ? ಭಾಗಿಸೋ ಸಂಖ್ಯೆ ಊಹೆ ಆಗಿದ್ರೆ ಇಂಡೆಕ್ಸೂ ಊಹೆನೇ.

ಇಷ್ಟೆಲ್ಲ ಸರಿಯಾಗಿ ಮಾಡಿ 0.5 ಬಂದ್ರೂ, ಪ್ಲೇಟ್ ಹೇಳಿದ್ದು ಬ್ಯಾಕ್ಟೀರಿಯಾ ಬೆಳೀಲಿಲ್ಲ ಅಂತ, ಸತ್ತಿತು ಅಂತಲ್ಲ. ಸಾಯೋದನ್ನ ನೋಡೋಕೆ, ಹೊತ್ತು ಕಳೆದ ಹಾಗೆ ಎಷ್ಟು ಬ್ಯಾಕ್ಟೀರಿಯಾ ಉಳಿದಿವೆ ಅಂತ ಎಣಿಸೋ ಟೈಮ್-ಕಿಲ್ ಪರೀಕ್ಷೆ ಬೇಕು, ಅಲ್ಲಿ ಒಂಟಿಯಾಗಿ ಚೆನ್ನಾಗಿ ಕೆಲಸ ಮಾಡಿದ ಔಷಧಿಗಿಂತ ನೂರು ಪಟ್ಟು ಕಮ್ಮಿ ಬ್ಯಾಕ್ಟೀರಿಯಾ ಉಳಿದ್ರೆ ಸಿನರ್ಜಿ, ಬೇರೆನೇ ಅಳತೆ. ರೋಗಿ ವಿಷಯ ಇನ್ನೂ ಬೇರೆ. ಇದೇ ಕೊಲಿಸ್ಟಿನ್ ಜೊತೆ ಮೆರೊಪೆನೆಮ್ ಕೊಟ್ಟು ನೋಡಿದ ಟ್ರಯಲ್ 2018ರಲ್ಲಿ ಬಂತು, ಇಸ್ರೇಲ್, ಗ್ರೀಸ್, ಇಟಲಿಯ 406 ರೋಗಿಗಳು, ಹೆಚ್ಚಿನವರಿಗೆ ಇದ್ದದ್ದು ಅಸಿನೆಟೊಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾದ ಸೋಂಕು. ಬರೀ ಕೊಲಿಸ್ಟಿನ್ ತಗೊಂಡವರಿಗಿಂತ ಎರಡೂ ತಗೊಂಡವರ ಸ್ಥಿತಿ ಮೇಲಾಗಿರಲಿಲ್ಲ.