ಹತ್ತೇ ಮೀಟರ್ ಆಳದಿಂದ ಮೇಲೆ ಬರಲು ಅಷ್ಟೇಕೆ ನಿಧಾನ?

ಪ್ರಶ್ನೆ: ನೇತ್ರಾಣಿ ದ್ವೀಪದ ಬಳಿ ಮೊದಲ ಸಲ ಸ್ಕೂಬಾ ಡೈವ್ ಮಾಡಿದೆ. ಹತ್ತು ಮೀಟರಿನಷ್ಟು ಇಳಿದಿದ್ದೆವು. ಮಾಸ್ಕಿನೊಳಗೆ ನೀರು ನುಗ್ಗಿ ಗಾಬರಿಯಾಗಿ ಮೇಲಕ್ಕೆ ಹೊರಟೆ. ಇನ್‌ಸ್ಟ್ರಕ್ಟರ್ ಜಾಕೆಟ್ ಹಿಡಿದು ತಡೆದರು, ಆಮೇಲೆ ಬಹಳ ನಿಧಾನವಾಗಿ ಕರೆತಂದರು. ಬೇಗ ಮೇಲೆ ಬಂದರೆ ಬೆಂಡ್ಸ್ ಎಂಬ ಕಾಯಿಲೆ ಆಗುತ್ತದೆ ಎಂದು ಕೇಳಿದ್ದೇನೆ. ಆದರೆ ಅದು ತುಂಬಾ ಆಳಕ್ಕೆ ಹೋದವರಿಗೆ ತಾನೆ? ಬರೀ ಹತ್ತು ಮೀಟರಿಗೆ ಇಷ್ಟು ಎಚ್ಚರಿಕೆ ಬೇಕೇ?

ಉತ್ತರ: ಬೆಂಡ್ಸ್ ಬಗ್ಗೆ ನಿಮ್ಮ ಅನುಮಾನ ಹೆಚ್ಚುಕಡಿಮೆ ಸರಿ. ಹತ್ತು ಮೀಟರಿನಲ್ಲಿ ಅರ್ಧ ಮುಕ್ಕಾಲು ಗಂಟೆ ಇದ್ದವರಿಗೆ ಅದು ಬರುವುದು ತೀರಾ ಅಪರೂಪ. ನಿಮ್ಮನ್ನು ತಡೆದವರಿಗೆ ಆ ಗಳಿಗೆಯಲ್ಲಿ ಇದ್ದ ಭಯವೇ ಬೇರೆ. ಗಾಬರಿಯಾದ ಮನುಷ್ಯ ಉಸಿರು ಬಿಗಿಹಿಡಿಯುತ್ತಾನೆ. ಉಸಿರು ಬಿಗಿಹಿಡಿದು ಮೇಲಕ್ಕೆ ಹೊರಟರೆ ಹರಿಯುವುದು ಶ್ವಾಸಕೋಶ. ಬೇಗ ಮೇಲೆ ಬರುವುದರಿಂದ ಎರಡು ಬೇರೆ ಬೇರೆ ಗಾಯಗಳಾಗುತ್ತವೆ. ಜನ ಎರಡನ್ನೂ ಬೆಂಡ್ಸ್ ಎಂದೇ ಕರೆದುಬಿಡುವುದರಿಂದ ಈ ಗೊಂದಲ.

ಮೊದಲು ಒತ್ತಡದ ಲೆಕ್ಕ. ಸಮುದ್ರ ಮಟ್ಟದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡ ಸುಮಾರು 1 ಬಾರ್. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ಬಾರ್ ಕೂಡುತ್ತದೆ. ಅಂದರೆ 10 ಮೀಟರಿನಲ್ಲಿ 2 ಬಾರ್, 30 ಮೀಟರಿನಲ್ಲಿ 4 ಬಾರ್. ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರಿನ ಕೆಲಸವೇ ಆಯಾ ಆಳದ ಒತ್ತಡಕ್ಕೆ ಸಮನಾಗಿ ಗಾಳಿ ಕೊಡುವುದು. ಇಲ್ಲದಿದ್ದರೆ ಎದೆಯ ಮೇಲಿನ ನೀರಿನ ಒತ್ತಡಕ್ಕೆ ಎದುರಾಗಿ ಉಸಿರೆಳೆಯಲು ಆಗುತ್ತಿರಲಿಲ್ಲ. ಹಾಗಾಗಿ 10 ಮೀಟರಿನಲ್ಲಿ ಎದೆ ತುಂಬ ಎಳೆದ ಒಂದು ಉಸಿರಿನಲ್ಲಿ, ದೋಣಿಯ ಮೇಲೆ ಎಳೆದ ಉಸಿರಿಗಿಂತ ಎರಡು ಪಟ್ಟು ಗಾಳಿ ಇರುತ್ತದೆ.

ಆ ಉಸಿರು 6 ಲೀಟರ್ ಎಂದುಕೊಳ್ಳಿ. ಅದನ್ನು ಹಿಡಿದಿಟ್ಟುಕೊಂಡೇ ನೀರಿನ ಮೇಲಕ್ಕೆ ಬಂದರೆ ಒತ್ತಡ ಅರ್ಧಕ್ಕಿಳಿದು ಅದು 12 ಲೀಟರ್ ಆಗಬೇಕು. ಎದೆಗೂಡಿನಲ್ಲಿ ಅಷ್ಟು ಜಾಗವಿಲ್ಲ. ಇದೇ ಉಸಿರನ್ನು 30 ಮೀಟರಿನಿಂದ 20 ಮೀಟರಿಗೆ ತಂದಿದ್ದರೆ ಒತ್ತಡ 4ರಿಂದ 3 ಬಾರಿಗೆ ಇಳಿದು ಗಾಳಿ 8 ಲೀಟರ್ ಆಗುತ್ತಿತ್ತು, ಅಷ್ಟೆ. ಏರಿದ್ದು ಎರಡು ಕಡೆಯೂ ಹತ್ತೇ ಮೀಟರ್. ಆದರೆ ಗಾಳಿ ಅತಿ ಹೆಚ್ಚು ಹಿಗ್ಗುವುದು ಕೊನೆಯ ಹತ್ತರಲ್ಲಿ. "ಹತ್ತೇ ಮೀಟರ್" ಎಂದು ನೀವು ಹಗುರವಾಗಿ ಕಂಡ ಆ ಪದರವೇ ಶ್ವಾಸಕೋಶಕ್ಕೆ ಎಲ್ಲಕ್ಕಿಂತ ಅಪಾಯದ ಜಾಗ. ತುಂಬಿದ ಎದೆಯಲ್ಲಿ ಉಸಿರು ಹಿಡಿದಿದ್ದರೆ ಒಂದೂವರೆ ಮೀಟರ್ ಆಳದ ಈಜುಕೊಳವೂ ಸಾಕು.

ಕರಾವಳಿಯಲ್ಲಿ ಪಚ್ಚಿಲೆ ಚಿಪ್ಪು ಕೀಳಲು ಉಸಿರು ಕಟ್ಟಿ ಮುಳುಗುವವರಿಗೆ ಹೀಗೇಕೆ ಆಗುವುದಿಲ್ಲ ಎಂದು ಕೇಳಬಹುದು. ಅವರು ಉಸಿರು ತೆಗೆದುಕೊಳ್ಳುವುದು ಮೇಲೆ, 1 ಬಾರಿನಲ್ಲಿ. ಕೆಳಗೆ ಹೋದಾಗ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ತೊಂದರೆ ಇರುವುದು ಆಳದಲ್ಲಿ ಸಿಲಿಂಡರಿನ ಗಾಳಿ ಎಳೆದುಕೊಂಡವರಿಗೆ.

ಶ್ವಾಸಕೋಶ ಮಿತಿಮೀರಿ ಹಿಗ್ಗುವಾಗ ನೋವು ಕೊಟ್ಟು ಎಚ್ಚರಿಸುವುದಿಲ್ಲ. ಅದು ಈ ಗಾಯದ ಕೆಟ್ಟ ಗುಣ. ಒಳಗಿನ ಪುಟ್ಟ ಗಾಳಿಚೀಲಗಳು ಹರಿದಾಗ ಗಾಳಿ ಎದೆಗೂಡಿಗೆ ಸೇರಿ ಶ್ವಾಸಕೋಶ ಕುಸಿಯಬಹುದು. ಕುತ್ತಿಗೆಯ ಚರ್ಮದಡಿ ಸೇರಿದರೆ ದನಿ ಬದಲಾಗುತ್ತದೆ, ಒತ್ತಿದ ಕಡೆ ಚರಚರ ಎನ್ನುತ್ತದೆ. ಎಲ್ಲಕ್ಕಿಂತ ಭೀಕರವಾದದ್ದು ಗಾಳಿ ರಕ್ತಕ್ಕೆ ನುಗ್ಗುವುದು. ಆ ಗುಳ್ಳೆಗಳು ಹೃದಯದ ಎಡಭಾಗಕ್ಕೆ ಬಂದು ಅಲ್ಲಿಂದ ನೇರ ಮೆದುಳಿಗೆ ಹೋಗುತ್ತವೆ. ಮೇಲೆ ಬಂದ ಹತ್ತು ನಿಮಿಷದೊಳಗೆ ಯಾರಾದರೂ ಪ್ರಜ್ಞೆ ತಪ್ಪಿದರೆ, ಮಾತು ತೊದಲಿದರೆ, ಒಂದು ಪಕ್ಕ ಬಿದ್ದುಹೋದರೆ ಮೊದಲು ಇದನ್ನೇ ಶಂಕಿಸಬೇಕು. ಎಷ್ಟು ಆಳಕ್ಕೆ ಹೋಗಿದ್ದರು, ಎಷ್ಟು ಹೊತ್ತು ಇದ್ದರು ಎಂಬ ಲೆಕ್ಕವೆಲ್ಲ ಆಗ ಅಪ್ರಸ್ತುತ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಹೇಳುವ ಯಾವ ಡೈವ್ ಟೇಬಲ್ಲೂ ಈ ಗಾಯದಿಂದ ಕಾಪಾಡುವುದಿಲ್ಲ. ಕಾಪಾಡುವುದು ಒಂದೇ: ಉಸಿರಾಟ ನಿಲ್ಲಿಸದಿರುವುದು. ಗಾಳಿಯೇ ಮುಗಿದುಹೋಗಿ, ಜೊತೆಗಾರರ ಬದಲಿ ರೆಗ್ಯುಲೇಟರ್ ಕೂಡ ಸಿಗದೆ ಮೇಲೆ ಹೋಗಲೇಬೇಕಾಗಿ ಬಂದರೆ "ಆ..." ಎಂದು ಸಣ್ಣಗೆ ದನಿ ಹೊರಡಿಸುತ್ತಾ ಹೋಗಲು ಕಲಿಸುವುದು ಇದಕ್ಕೇ. ದನಿ ಬರುತ್ತಿದ್ದರೆ ಗಂಟಲು ತೆರೆದಿದೆ, ಗಾಳಿ ಹೊರಗೆ ಹೋಗುತ್ತಿದೆ ಎಂದರ್ಥ.

ನೀವು ಧರಿಸಿದ್ದ ಜಾಕೆಟ್ಟಿಗೂ ಇದೇ ನಿಯಮ. ಅದರೊಳಗಿನ ಗಾಳಿ ಮೇಲೆ ಬಂದಂತೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ನಿಮ್ಮನ್ನು ಇನ್ನೂ ಜೋರಾಗಿ ಮೇಲಕ್ಕೆಳೆಯುತ್ತದೆ. ಗಾಳಿ ಬಿಡುವ ಗುಂಡಿ ಒತ್ತಲು ಮರೆತವರು ಕೊನೆಯ ಕೆಲವು ಮೀಟರುಗಳಲ್ಲಿ ತಮ್ಮ ಹಿಡಿತದಲ್ಲೇ ಇರುವುದಿಲ್ಲ. ನಿಮ್ಮವರು ಜಾಕೆಟ್ಟನ್ನೇ ಹಿಡಿದದ್ದು ಸರಿಯಾಗಿಯೇ ಇದೆ.

ಈಗ ಬೆಂಡ್ಸ್. ಇದಕ್ಕೆ ಕಾರಣ ಹಿಗ್ಗುವ ಗಾಳಿಯಲ್ಲ, ಕರಗಿದ ಗಾಳಿ. ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ದೇಹ ಅದನ್ನು ಬಳಸುವುದಿಲ್ಲ. ಒತ್ತಡ ಹೆಚ್ಚಾದಾಗ ಅದು ರಕ್ತದಲ್ಲಿ ಕರಗಿ ಸ್ನಾಯು, ಕೊಬ್ಬು, ಕೀಲುಗಳಿಗೆ ಸೇರುತ್ತದೆ. ಒತ್ತಡ ತಟ್ಟನೆ ಇಳಿದರೆ ಅಲ್ಲಲ್ಲೇ ಗುಳ್ಳೆಯಾಗುತ್ತದೆ. ಎಲ್ಲರೂ ಸೋಡಾ ಬಾಟಲಿಯ ಉದಾಹರಣೆ ಕೊಡುತ್ತಾರೆ. ನನಗೆ ಅದು ಅರ್ಧ ಸರಿ ಎನಿಸುತ್ತದೆ. ಬಾಟಲಿ ತೆರೆದ ಕೂಡಲೇ ಗುಳ್ಳೆ ಬರುತ್ತದೆ, ತೆರೆಯದಿದ್ದರೆ ಇಲ್ಲ. ದೇಹ ಹಾಗಲ್ಲ. ನಿಯಮ ಪಾಲಿಸಿ ಮಾಡಿದ ಡೈವ್ ನಂತರವೂ ಅಲ್ಟ್ರಾಸೌಂಡ್ ಹಿಡಿದು ನೋಡಿದರೆ ಎಷ್ಟೋ ಜನರ ರಕ್ತದಲ್ಲಿ ಗುಳ್ಳೆಗಳು ಕಾಣುತ್ತವೆ, ಅವರಿಗೆ ಏನೂ ಆಗಿರುವುದಿಲ್ಲ. ಶ್ವಾಸಕೋಶ ಅವನ್ನು ಸೋಸಿ ಹೊರಹಾಕುತ್ತದೆ. ಗುಳ್ಳೆ ಎಷ್ಟು, ಎಲ್ಲಿ ಎಂಬುದೇ ಪ್ರಶ್ನೆ.

ಎಷ್ಟರ ಮಟ್ಟಿಗೆ ಒತ್ತಡ ಇಳಿಸಬಹುದು ಎಂಬುದನ್ನು ಮೊದಲು ವ್ಯವಸ್ಥಿತವಾಗಿ ಲೆಕ್ಕ ಹಾಕಿದವರು ಶರೀರಕ್ರಿಯಾ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಬ್ರಿಟಿಷ್ ನೌಕಾಪಡೆಗಾಗಿ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಅವರ ತಂಡ ಪ್ರಯೋಗ ನಡೆಸಿ 1908ರಲ್ಲಿ ಫಲಿತಾಂಶ ಪ್ರಕಟಿಸಿತು. ದೇಹವನ್ನು ಒಂದೇ ಎಂದು ನೋಡಬಾರದು ಎಂಬುದು ಅವರು ಕಂಡುಕೊಂಡ ವಿಷಯ. ರಕ್ತ ಚೆನ್ನಾಗಿ ಹರಿಯುವ ಭಾಗಗಳು ಸಾರಜನಕವನ್ನು ಬೇಗ ತುಂಬಿಕೊಂಡು ಬೇಗ ಬಿಡುತ್ತವೆ, ಉಳಿದವು ಎರಡರಲ್ಲೂ ನಿಧಾನ. ಅತಿ ವೇಗದ ಭಾಗಗಳ ಗುಂಪಿಗೆ ಅವರು ಇಟ್ಟುಕೊಂಡ ಅಳತೆ ಪ್ರತಿ 5 ನಿಮಿಷಕ್ಕೆ ಅರ್ಧ. ಅಂದರೆ ತುಂಬಲು ಬಾಕಿ ಇರುವುದರಲ್ಲಿ ಅರ್ಧದಷ್ಟು ಪ್ರತಿ ಐದು ನಿಮಿಷಕ್ಕೆ ತುಂಬುತ್ತದೆ. ಇಂದು ಡೈವರುಗಳು ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರುಗಳ ಲೆಕ್ಕದ ಮೂಲವೂ ಇದೇ.

ಒಂದು ಡೈವ್ ತೆಗೆದುಕೊಳ್ಳೋಣ. ಡೈವಿಂಗ್ ತರಬೇತಿ ಕೊಡುವ ಪಾಡಿ ಸಂಸ್ಥೆಯ ಮನರಂಜನಾ ಡೈವಿಂಗ್ ಟೇಬಲ್ಲಿನಲ್ಲಿ 30 ಮೀಟರಿಗೆ ಮಿತಿ 20 ನಿಮಿಷ. ಅದೇ 18 ಮೀಟರಿಗೆ 56 ನಿಮಿಷ, ನಿಮ್ಮ 10 ಮೀಟರಿಗೆ 219 ನಿಮಿಷ. ನಡುವೆ ಕಡ್ಡಾಯವಾಗಿ ತಂಗದೆ ಮೇಲೆ ಬರಬಹುದಾದ ಮಿತಿಗಳಿವು. ಆಳ ಮೂರು ಪಟ್ಟಾದರೆ ಸಮಯ ಹತ್ತರಲ್ಲೊಂದು ಪಾಲಿಗೆ ಕುಸಿಯುತ್ತದೆ. 30 ಮೀಟರಿನಲ್ಲಿ 20 ನಿಮಿಷ ಇದ್ದಾಗ ಆ ವೇಗದ ಗುಂಪು ಹೆಚ್ಚುಕಡಿಮೆ ಪೂರ್ತಿ ತುಂಬಿರುತ್ತದೆ. ಅದರೊಳಗಿನ ಸಾರಜನಕದ ಒತ್ತಡ ಸುಮಾರು 3 ಬಾರ್. ಈಗ ಗಾಬರಿಯಲ್ಲಿ ಒಂದೇ ನಿಮಿಷದಲ್ಲಿ ಮೇಲೆ ಬಂದರೆ ಒಳಗೆ 3 ಬಾರಿನ ಹತ್ತಿರ, ಹೊರಗೆ 1 ಬಾರ್. ಉಸಿರು ಬಿಡುತ್ತಲೇ ಬಂದರೂ ಈ ಅಂತರ ತಪ್ಪುವುದಿಲ್ಲ. ನಿಮಿಷಕ್ಕೆ 9 ಮೀಟರಿನಂತೆ ಬಂದರೆ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ, ಅಷ್ಟೂ ಹೊತ್ತು ಪ್ರತಿ ಉಸಿರಿನಲ್ಲಿ ಸಾರಜನಕ ಹೊರಗೆ ಹೋಗುತ್ತಿರುತ್ತದೆ. ಆಮೇಲೆ 5 ಮೀಟರಿನಲ್ಲಿ ಮೂರು ನಿಮಿಷ ಸುಮ್ಮನೆ ತೇಲುತ್ತಾ ನಿಲ್ಲುವುದನ್ನು ಸೇಫ್ಟಿ ಸ್ಟಾಪ್ ಎನ್ನುತ್ತಾರೆ. ಆ ಮೂರು ನಿಮಿಷದಲ್ಲಿ ಈ ಗುಂಪು ಆ ಆಳಕ್ಕೆ ಹೆಚ್ಚಾಗಿರುವ ಸಾರಜನಕದ ಮೂರನೇ ಒಂದು ಭಾಗವನ್ನು ಬಿಟ್ಟುಕೊಟ್ಟಿರುತ್ತದೆ. ನಿಧಾನದ ಗುಂಪುಗಳಿಗೆ ಮೂರು ನಿಮಿಷ ಏನೂ ಅಲ್ಲ. ಅವು ಗಂಟೆಗಟ್ಟಲೆ ತೆಗೆದುಕೊಳ್ಳುತ್ತವೆ. ದಿನಕ್ಕೆ ಎರಡು ಮೂರು ಡೈವ್ ಮಾಡುವವರಿಗೆ ಎರಡನೆಯ ಡೈವಿನ ಮಿತಿ ಮೊದಲಿನದಕ್ಕಿಂತ ಕಡಿಮೆ ಇರುವುದು ಈ ಉಳಿಕೆಯಿಂದ.

ಈ ಮಿತಿ ಒಂದು ಗೆರೆಯಲ್ಲ. ಅದರ ಈಚೆ ಸುರಕ್ಷಿತ, ಆಚೆ ಅಪಾಯ ಎಂದಲ್ಲ. ದಣಿವು, ಚಳಿ, ದೇಹದಲ್ಲಿ ನೀರು ಕಡಿಮೆಯಾಗಿರುವುದು ಎಲ್ಲವೂ ಅದನ್ನು ಹಿಂದೆ ಮುಂದೆ ಸರಿಸುತ್ತವೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಕೋಣೆಗಳ ನಡುವೆ ಹುಟ್ಟಿದಾಗಿನ ಸಣ್ಣ ಕಿಂಡಿ ಪೂರ್ತಿ ಮುಚ್ಚಿರುವುದಿಲ್ಲ. ಅಂಥವರಲ್ಲಿ ಗುಳ್ಳೆ ಶ್ವಾಸಕೋಶದ ಸೋಸುವಿಕೆ ತಪ್ಪಿಸಿಕೊಂಡು ಮೆದುಳು, ಬೆನ್ನುಹುರಿಗೆ ಹೋಗಬಹುದು.

ನೀವು ಬೆಂಗಳೂರಿನವರಾದರೆ ಇನ್ನೊಂದು ಮಾತು. ಡೈವ್ ಮುಗಿಸಿ ವಿಮಾನ ಹತ್ತಬಾರದು ಎಂದು ಹೇಳಿರುತ್ತಾರೆ. ಒಂದು ಡೈವ್ ಆದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ 18 ಗಂಟೆ ಕಾಯುವುದು ವಾಡಿಕೆಯ ಸಲಹೆ. ಆದರೆ ಘಟ್ಟದ ಬಗ್ಗೆ ಯಾರೂ ಹೇಳುವುದಿಲ್ಲ. ಈ ಸಲಹೆ 2000 ಅಡಿ, ಅಂದರೆ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯವಾಗುತ್ತದೆ. ಬೆಂಗಳೂರು ಇರುವುದು 900 ಮೀಟರಿನ ಎತ್ತರದಲ್ಲಿ. ಮುರುಡೇಶ್ವರದಲ್ಲಿ ಮಧ್ಯಾಹ್ನ ಎರಡನೇ ಡೈವ್ ಮುಗಿಸಿ ಸಂಜೆ ಕಾರು ಹತ್ತಿ ಘಟ್ಟ ಏರುವುದು, ದೇಹದ ಮಟ್ಟಿಗೆ, ಡೈವಿನಿಂದ ಇನ್ನೂ ಮೇಲೆ ಬರುತ್ತಲೇ ಇದ್ದಂತೆ. ಒಂದು ಆಳವಿಲ್ಲದ ಡೈವಿನ ಮಟ್ಟಿಗೆ ಅಪಾಯ ಚಿಕ್ಕದು. ಎರಡು ಆಳದ ಡೈವ್ ಮಾಡಿದವರು ಆ ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಹೊರಡುವುದು ಮೇಲು.

ಬೆಂಡ್ಸಿನ ಲಕ್ಷಣಗಳು ಕೆಲವರಲ್ಲಿ ಹತ್ತು ನಿಮಿಷಕ್ಕೆ, ಹೆಚ್ಚಿನವರಲ್ಲಿ ಕೆಲವು ಗಂಟೆಗಳಲ್ಲಿ ಕಾಣಿಸುತ್ತವೆ. 24 ಗಂಟೆ ದಾಟಿ ಬರುವುದು ಕಡಿಮೆ. ಭುಜ, ಮೊಣಕೈಯಲ್ಲಿ ಒಳಗಿನಿಂದ ಕೊರೆಯುವ ನೋವು ಸಾಮಾನ್ಯ. ಸಿಲಿಂಡರ್ ಎತ್ತಿ ಉಳುಕಿರಬೇಕು ಎಂದು ಜನ ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುವುದು ಇಲ್ಲೇ. ಉಳುಕಿದ್ದರೆ ಒತ್ತಿದಾಗ, ಅಲ್ಲಾಡಿಸಿದಾಗ ನೋವು ಹೆಚ್ಚುತ್ತದೆ. ಬೆಂಡ್ಸಿನ ನೋವು ಸಾಮಾನ್ಯವಾಗಿ ಅದಕ್ಕೆ ಬಗ್ಗುವುದಿಲ್ಲ. ಚರ್ಮದ ಮೇಲೆ ನೀಲಿ ಕೆಂಪು ಬಲೆಯಂಥ ಗುರುತು, ಕಾಲು ಜೋಮು, ತಲೆ ಸುತ್ತು, ಮೂತ್ರ ಕಟ್ಟುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡುವಂತಿಲ್ಲ.

ಎರಡೂ ಗಾಯಗಳಿಗೆ ಮೊದಲ ಆರೈಕೆ ಒಂದೇ. ಮಲಗಿಸಿ ಶುದ್ಧ ಆಮ್ಲಜನಕ ಕೊಡಬೇಕು. ಅದರಿಂದ ಸಾರಜನಕ ಬೇಗ ಹೊರಬರುತ್ತದೆ. ಡೈವ್ ಬೋಟಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ ಎಂದು ಹೊರಡುವ ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಮತ್ತೆ ನೀರಿಗಿಳಿದು ಸರಿಮಾಡಿಕೊಳ್ಳುತ್ತೇನೆ ಎಂಬುದು ಮಾತ್ರ ಬೇಡವೇ ಬೇಡ. ನಿಜವಾದ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ: ರೋಗಿಯನ್ನು 18 ಮೀಟರ್ ಆಳಕ್ಕೆ ಸಮನಾದ ಒತ್ತಡಕ್ಕೆ ತಂದು, ಆಮ್ಲಜನಕ ಕೊಡುತ್ತಾ ಐದು ಗಂಟೆಯ ಹತ್ತಿರ ತೆಗೆದುಕೊಂಡು ಮೆಲ್ಲಗೆ ಹೊರತರುತ್ತಾರೆ. ಆ ಕೋಣೆ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಆದ್ದರಿಂದ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದಾಗ ಕೈನೋವು ಎಂದು ಶುರುಮಾಡಬೇಡಿ. ಸಿಲಿಂಡರ್ ಗಾಳಿ ಉಸಿರಾಡುತ್ತಾ ಇಷ್ಟು ಮೀಟರಿನಲ್ಲಿ ಇಷ್ಟು ನಿಮಿಷ ಇದ್ದೆ, ಇಷ್ಟು ಬೇಗ ಮೇಲೆ ಬಂದೆ ಎಂದು ಮೊದಲ ವಾಕ್ಯದಲ್ಲೇ ಹೇಳಿ, ಡೈವ್ ಕಂಪ್ಯೂಟರ್ ಇದ್ದರೆ ಅದನ್ನೂ ಕೈಗೆ ಕೊಡಿ.